ವಿಪಿಎನ್ ಹಾಕಿದರೆ ನೆಟ್ ಏಕೆ ನಿಧಾನವಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ವಿಪಿಎನ್ ಬಳಸುವವರು, ಕಂಪನಿಯ ವಿಪಿಎನ್ ಮೂಲಕ ಕೆಲಸ ಮಾಡುವವರು ಹಾಗೂ ಹೊರದೇಶದಲ್ಲಿರುವ ಕನ್ನಡಿಗರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳನ್ನು ಇಲ್ಲಿ ಸುಲಭದಿಂದ ಕಠಿಣದತ್ತ ಜೋಡಿಸಲಾಗಿದೆ. ಲೆಕ್ಕ ಮಾಡುವಲ್ಲೆಲ್ಲ, ಬಳಕೆದಾರರು ಬೆಂಗಳೂರಿನಲ್ಲಿದ್ದಾರೆ, ಅವರದು 100 ಎಂಬಿಪಿಎಸ್ ಫೈಬರ್ ಸಂಪರ್ಕ ಎಂದು ಇಟ್ಟುಕೊಳ್ಳಲಾಗಿದೆ.

## ಮೊದಲ ಪ್ರಶ್ನೆಗಳು

ವಿಪಿಎನ್ ಆನ್ ಮಾಡಿದ ಕೂಡಲೇ ನೆಟ್ ಸ್ಲೋ ಆಗುತ್ತದೆ. ಇದು ಸಹಜವೋ, ಇಲ್ಲ ನನ್ನ ಕಡೆಯೇ ಏನಾದರೂ ತೊಂದರೆ ಇದೆಯೋ?

ಸ್ವಲ್ಪ ನಿಧಾನವಾಗುವುದು ಸಹಜ, ಅದನ್ನು ಪೂರ್ತಿಯಾಗಿ ತಪ್ಪಿಸಲು ಸಾಧ್ಯವಿಲ್ಲ. ವಿಪಿಎನ್ ಇಲ್ಲದಾಗ ನಿಮ್ಮ ಸಾಧನದಿಂದ ಹೊರಟ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ನೇರವಾಗಿ ವೆಬ್‌ಸೈಟಿನ ಸರ್ವರ್‌ಗೆ ಹೋಗುತ್ತದೆ. ವಿಪಿಎನ್ ಇದ್ದಾಗ ಅದೇ ಪ್ಯಾಕೆಟ್ಟನ್ನು ಗೂಢಲಿಪಿಗೆ ಬದಲಾಯಿಸಿ, ಒಂದು ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯಲ್ಲಿಟ್ಟು ಬೇರೆ ವಿಳಾಸ ಬರೆದಂತೆ, ಹೊಸ ಹೆಡರ್ ಹಚ್ಚಿ ವಿಪಿಎನ್ ಸರ್ವರ್‌ಗೆ ಕಳುಹಿಸಲಾಗುತ್ತದೆ. ಅಲ್ಲಿ ಅದನ್ನು ಬಿಚ್ಚಿ ನಿಜವಾದ ಗುರಿಯ ಕಡೆಗೆ ಕಳುಹಿಸುತ್ತಾರೆ, ಉತ್ತರವೂ ಇದೇ ದಾರಿಯಲ್ಲಿ ಮರಳಿ ಬರುತ್ತದೆ.

ಆದ್ದರಿಂದ ನಷ್ಟ ಮೂರು ಕಡೆ ಆಗುತ್ತದೆ. ಹೊಸ ಹೆಡರ್ ಪ್ರತಿ ಪ್ಯಾಕೆಟ್ಟಿನಲ್ಲೂ ಸ್ವಲ್ಪ ಜಾಗ ತಿನ್ನುತ್ತದೆ, ಗೂಢಲಿಪಿಯ ಕೆಲಸ ಪ್ರೊಸೆಸರ್‌ನ ಸಮಯ ತಿನ್ನುತ್ತದೆ, ಸುತ್ತುದಾರಿಯು ಹೋಗಿಬರುವ ಸಮಯವನ್ನು ಹೆಚ್ಚಿಸುತ್ತದೆ. ಮೊದಲ ಎರಡು ನಷ್ಟಗಳು ವಿಪಿಎನ್ ಯಾವ ಪ್ರೊಟೋಕಾಲ್, ಅಂದರೆ ಸಂವಹನದ ಯಾವ ನಿಯಮ, ಬಳಸುತ್ತದೆ ಎಂಬುದರಿಂದ ಬದಲಾಗುತ್ತವೆ, ಮೂರನೆಯದು ಸರ್ವರ್ ಎಲ್ಲಿದೆ ಎಂಬುದರಿಂದ ನಿರ್ಧಾರವಾಗುತ್ತದೆ. ಇಂದಿನ ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಮೂರನೆಯದೇ ದೊಡ್ಡ ಕಾರಣ. ಆದರೂ ಜನ ಮೊದಲು ದೂರುವುದು ಗೂಢಲಿಪಿಯನ್ನು.

ಎಷ್ಟು ಶೇಕಡಾ ಕಡಿಮೆಯಾದರೆ ಸರಿ, ಎಷ್ಟಾದರೆ ಏನೋ ಕೆಟ್ಟಿದೆ ಎಂದುಕೊಳ್ಳಬೇಕು?

ಹೆಡರ್‌ನಿಂದಾಗುವ ನಷ್ಟವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಸಾಮಾನ್ಯ ಸಂಪರ್ಕದಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರುತ್ತದೆ. ಅದರಲ್ಲಿ ಐಪಿ ಮತ್ತು ಟಿಸಿಪಿ ಹೆಡರ್‌ಗಳಿಗೆ 40 ಬೈಟ್ ಹೋಗಿ 1460 ಬೈಟ್ ನಿಜವಾದ ಮಾಹಿತಿಗೆ ಉಳಿಯುತ್ತದೆ, ಅಂದರೆ ಸುಮಾರು 97%. ವೈರ್‌ಗಾರ್ಡ್ ಪ್ರೊಟೋಕಾಲ್ ಬಳಸಿದಾಗ ಒಳಗಿನ ಪ್ಯಾಕೆಟ್ಟಿನ ಗಾತ್ರ ಸಾಮಾನ್ಯವಾಗಿ 1420 ಬೈಟ್, ಅದರ ಮೇಲೆ ಐಪಿವಿ4 ಜಾಲದಲ್ಲಿ 60 ಬೈಟ್ ಹೊರಹೆಡರ್ ಸೇರುತ್ತದೆ. ತಂತಿಯ ಮೇಲೆ ಹೋಗುವುದು 1480 ಬೈಟ್, ಅದರಲ್ಲಿ ನಿಜವಾದ ಮಾಹಿತಿ 1380, ಅಂದರೆ ಸುಮಾರು 93%.

ಎರಡರ ನಡುವಿನ ಅಂತರ ಸುಮಾರು ನಾಲ್ಕು ಶೇಕಡಾ. ಹತ್ತಿರದ, ಬಿಡುವಾಗಿರುವ ಸರ್ವರ್ ಆಯ್ದುಕೊಂಡು, ಸಾಧನದ ಪ್ರೊಸೆಸರ್ ಬಳಲದಿದ್ದರೆ 100 ಎಂಬಿಪಿಎಸ್ ಸಂಪರ್ಕದಲ್ಲಿ 90ರ ಮೇಲೆ ಸಿಗಬೇಕು. 60 ಅಥವಾ 30 ಸಿಗುತ್ತಿದ್ದರೆ ಅದಕ್ಕೆ ಹೆಡರ್ ಕಾರಣವಲ್ಲ, ಬೇರೆ ಕಾರಣ ಹುಡುಕಬೇಕು. ಸಂಜೆ ಮಾತ್ರ ಹೀಗಾಗಿ ಬೆಳಗಿನ ಜಾವ ಸರಿಯಿರುತ್ತಿದ್ದರೆ ಆ ಸರ್ವರ್‌ನಲ್ಲಿ ಅಥವಾ ಅದರ ದಾರಿಯಲ್ಲಿ ದಟ್ಟಣೆಯಿದೆ ಎಂದರ್ಥ, ಅದೇ ಊರಿನ ಇನ್ನೊಂದು ಸರ್ವರ್‌ಗೆ ಬದಲಾಯಿಸಿ ನೋಡಿ.

ಸ್ಪೀಡ್ ಟೆಸ್ಟ್‌ನಲ್ಲಿ 90 ಬರುತ್ತದೆ, ಆದರೆ ವೆಬ್‌ಸೈಟ್‌ಗಳು ಮಾತ್ರ ತಡವಾಗಿ ತೆರೆಯುತ್ತವೆ. ಹೇಗೆ?

ಸ್ಪೀಡ್ ಟೆಸ್ಟ್ ಪುಟಗಳು ಸಾಮಾನ್ಯವಾಗಿ ತಮಗೆ ಹತ್ತಿರವೆಂದು ಕಂಡ ಪರೀಕ್ಷಾ ಸರ್ವರನ್ನು ಆಯ್ದುಕೊಳ್ಳುತ್ತವೆ. ವಿಪಿಎನ್ ಫ್ರಾಂಕ್‌ಫರ್ಟ್‌ನಲ್ಲಿದ್ದರೆ ಪರೀಕ್ಷಾ ಸರ್ವರ್ ಕೂಡ ಅಲ್ಲಿನದೇ ಆಗುತ್ತದೆ. ಜೊತೆಗೆ ಅವು ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆದು ಒಟ್ಟು ಮೊತ್ತ ತೋರಿಸುವುದರಿಂದ ದೂರದ ಪರಿಣಾಮ ಅಲ್ಲಿ ಮರೆಯಾಗುತ್ತದೆ.

ವೆಬ್ ಪುಟ ತೆರೆಯುವುದು ಬೇರೆ ರೀತಿಯ ಕೆಲಸ. ಹೊಸ ಸೈಟಿನೊಂದಿಗೆ ಟಿಸಿಪಿ ಸಂಪರ್ಕ ಸಾಧಿಸಲು ಒಂದು ಸುತ್ತು, ಟಿಎಲ್‌ಎಸ್ 1.3 ಭದ್ರತೆಗೆ ಇನ್ನೊಂದು ಸುತ್ತು, ಪುಟವನ್ನು ಕೇಳಿ ಮೊದಲ ಬೈಟ್ ಪಡೆಯಲು ಮತ್ತೊಂದು, ಹೀಗೆ ಕನಿಷ್ಠ ಮೂರು ಸಲ ಹೋಗಿಬರಬೇಕು. ಸೈಟ್ ಮುಂಬೈಯಲ್ಲಿದ್ದು ಬೆಂಗಳೂರಿನಿಂದ ಹೋಗಿಬರಲು 25 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಮೊದಲ ಬೈಟ್ 75 ಮಿಲಿಸೆಕೆಂಡಿನಲ್ಲಿ ಬರುತ್ತದೆ. ಅದನ್ನೇ ಫ್ರಾಂಕ್‌ಫರ್ಟ್ ಸರ್ವರ್ ಮೂಲಕ ತೆರೆದರೆ ಅಲ್ಲಿಗೆ ಸುಮಾರು 150, ಅಲ್ಲಿಂದ ಮುಂಬೈಗೆ ಸುಮಾರು 125, ಒಟ್ಟು 275 ಮಿಲಿಸೆಕೆಂಡ್ ಒಂದು ಸುತ್ತಿಗೆ ಬೇಕು. ಮೂರು ಸುತ್ತಿಗೆ 825 ಆಯಿತು. ಒಂದು ಸುದ್ದಿತಾಣದ ಪುಟ ಚಿತ್ರ, ಜಾಹೀರಾತು, ಅಕ್ಷರಶೈಲಿಗಳಿಗಾಗಿ ಹತ್ತಾರು ಬೇರೆ ಬೇರೆ ತಾಣಗಳನ್ನು ಮುಟ್ಟುವುದರಿಂದ ಈ ತಡ ಒಂದರ ಮೇಲೊಂದು ಕೂಡುತ್ತದೆ. ಬ್ಯಾಂಡ್‌ವಿಡ್ತ್ ಎಷ್ಟಿದ್ದರೂ ಇದು ಕಡಿಮೆಯಾಗುವುದಿಲ್ಲ.

## ದೂರದ ಪ್ರಶ್ನೆಗಳು

ಬೆಳಕಿನ ವೇಗದಲ್ಲಿ ಹೋಗುವ ಸಂಕೇತಕ್ಕೆ ಸಿಂಗಪುರವಾದರೇನು, ಜರ್ಮನಿಯಾದರೇನು? ವ್ಯತ್ಯಾಸ ಅಷ್ಟು ದೊಡ್ಡದೇ?

ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುತ್ತದೆ, ನಿರ್ವಾತದಲ್ಲಿನ ವೇಗದ ಮೂರನೇ ಎರಡು ಭಾಗ. ಇದರಿಂದ ನೆನಪಿಡಲು ಸುಲಭವಾದ ಒಂದು ಲೆಕ್ಕ ಸಿಗುತ್ತದೆ. ಪ್ರತಿ 100 ಕಿಲೋಮೀಟರಿಗೆ ಹೋಗಿಬರಲು ಕನಿಷ್ಠ 1 ಮಿಲಿಸೆಕೆಂಡ್ ಬೇಕು. ನೇರ ರೇಖೆಯಲ್ಲಿ ಬೆಂಗಳೂರಿನಿಂದ ಸಿಂಗಪುರ ಸುಮಾರು 3,200 ಕಿಲೋಮೀಟರ್, ಫ್ರಾಂಕ್‌ಫರ್ಟ್ ಸುಮಾರು 7,400. ಆದ್ದರಿಂದ ಸಿಂಗಪುರಕ್ಕೆ 32 ಮಿಲಿಸೆಕೆಂಡಿಗಿಂತ, ಫ್ರಾಂಕ್‌ಫರ್ಟ್‌ಗೆ 74ಕ್ಕಿಂತ ಕಡಿಮೆಯಲ್ಲಿ ಫೈಬರ್ ಮೂಲಕ ಯಾವ ಪ್ರೊಟೋಕಾಲ್ ಕೂಡ ಹೋಗಿಬರಲಾರದು.

ವಾಸ್ತವದಲ್ಲಿ ಕೇಬಲ್ ನೇರ ರೇಖೆಯಲ್ಲಿ ಇರುವುದಿಲ್ಲ. ಸಿಂಗಪುರಕ್ಕೆ ಚೆನ್ನೈ ಕಡಲತೀರದಿಂದ ಹೆಚ್ಚು ಸುತ್ತಿಲ್ಲದ ದಾರಿಯಿದೆ, ಆದ್ದರಿಂದ ಬೆಂಗಳೂರಿನಿಂದ ಸುಮಾರು 40 ಮಿಲಿಸೆಕೆಂಡ್ ಸಿಗುವುದುಂಟು. ಯುರೋಪಿಗೆ ಹೋಗುವ ಸಂಚಾರದ ಬಹುಪಾಲು ಮುಂಬೈಯಿಂದ ಅರಬ್ಬಿ ಸಮುದ್ರ, ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್ ದಾಟಿ ಸಾಗುತ್ತದೆ. ಹಾಗಾಗಿ 74ರ ಬದಲು 130ರಿಂದ 160 ಕಾಣುತ್ತದೆ. ಆ ದಾರಿ ಕಿರಿದು ಕೂಡ. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾದಾಗ ಸಂಚಾರ ಬೇರೆ ದಾರಿ ಹಿಡಿಯಬೇಕಾಗಿ ಬಂದು, ಆ ಭಾಗವನ್ನು ಹಾದುಹೋಗುವ ಸಂಪರ್ಕಗಳು ನಿಧಾನವಾದವು. ಅಂತಹ ದಿನಗಳಲ್ಲಿ ಯುರೋಪಿನ ವಿಪಿಎನ್ ಸರ್ವರ್ ಒಮ್ಮೆಲೇ ಕುಂಟಿದರೆ ಸೆಟ್ಟಿಂಗ್ ಬದಲಾಯಿಸಿ ಪ್ರಯೋಜನವಿಲ್ಲ, ಪೂರ್ವ ದಿಕ್ಕಿನ ಸರ್ವರ್ ಆರಿಸಿಕೊಳ್ಳುವುದೇ ಪರಿಹಾರ.

ಆ್ಯಪ್‌ನಲ್ಲಿ ‘ಇಂಡಿಯಾ’ ಎಂದೇ ಆರಿಸಿದ್ದೇನೆ, ಆದರೂ ಪಿಂಗ್, ಅಂದರೆ ಹೋಗಿಬರುವ ಸಮಯ, ಜಾಸ್ತಿ. ಸರ್ವರ್ ನಿಜವಾಗಿ ಎಲ್ಲಿದೆ ಎಂದು ಹೇಗೆ ತಿಳಿಯಲಿ?

ಭಾರತದ ಮಟ್ಟಿಗೆ ಈ ಅನುಮಾನಕ್ಕೆ ಗಟ್ಟಿ ಆಧಾರವಿದೆ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ವಿಪಿಎನ್ ಸೇವೆ ನೀಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಪಿಡಬೇಕೆಂದು ವಿಧಿಸಿತು. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮುಂತಾದವು ಭಾರತದಲ್ಲಿದ್ದ ಯಂತ್ರಗಳನ್ನು ತೆಗೆದುಹಾಕಿದವು. ಎಕ್ಸ್‌ಪ್ರೆಸ್‌ವಿಪಿಎನ್ ಭಾರತದ ಐಪಿ ವಿಳಾಸ ಕೊಡುವ ಯಂತ್ರಗಳನ್ನು ಸಿಂಗಪುರ ಮತ್ತು ಬ್ರಿಟನ್‌ನಲ್ಲಿ ಇರಿಸಿತು. ಇವನ್ನು ವರ್ಚುವಲ್ ಸರ್ವರ್ ಎನ್ನುತ್ತಾರೆ. ಇದರಲ್ಲಿ ಮೋಸವೇನಿಲ್ಲ, ಆದರೆ ಬೆಂಗಳೂರಿನಲ್ಲಿ ಕುಳಿತು ಮುಂಬೈಯ ಸೈಟನ್ನು ‘ಇಂಡಿಯಾ’ ಸರ್ವರ್ ಮೂಲಕ ತೆರೆದಾಗ ಪ್ಯಾಕೆಟ್ ಸಿಂಗಪುರಕ್ಕೆ ಹೋಗಿ ಹಿಂದಿರುಗುತ್ತದೆ ಎಂಬುದು ಗೊತ್ತಿರಬೇಕು.

ತಿಳಿಯುವ ವಿಧಾನ ಸರಳ. ವಿಪಿಎನ್ ಆಫ್ ಮಾಡಿ, ಅದರ ಸರ್ವರ್‌ನ ಐಪಿ ವಿಳಾಸಕ್ಕೆ ನೇರವಾಗಿ ಪಿಂಗ್ ಮಾಡಿ:

```
ping -c 20 SERVER_IP
```

ವಿಂಡೋಸ್‌ನಲ್ಲಿ `-c` ಬದಲು `-n` ಬಳಸಿ. ಬಂದ ಸಂಖ್ಯೆಗಳಲ್ಲಿ ಅತಿ ಕಡಿಮೆಯದನ್ನು ಗಮನಿಸಿ, ಏಕೆಂದರೆ ದಟ್ಟಣೆಯ ತಡ ಅದರಲ್ಲಿ ಕನಿಷ್ಠವಾಗಿರುತ್ತದೆ. ಮೇಲಿನ ಲೆಕ್ಕದಂತೆ, 12 ಮಿಲಿಸೆಕೆಂಡ್ ಬಂದರೆ ಯಂತ್ರ 1,200 ಕಿಲೋಮೀಟರ್ ಒಳಗೇ ಇದೆ ಎಂದು ಖಚಿತವಾಗಿ ಹೇಳಬಹುದು. ‘ಲಂಡನ್’ ಎಂದು ಹೆಸರಿಟ್ಟುಕೊಂಡಿದ್ದರೂ ಅದು ಲಂಡನ್‌ನಲ್ಲಿ ಇರಲು ಸಾಧ್ಯವಿಲ್ಲ. ಇದರ ವಿರುದ್ಧ ದಿಕ್ಕಿನ ತೀರ್ಮಾನಕ್ಕೆ ಎಚ್ಚರ ಬೇಕು: 45 ಮಿಲಿಸೆಕೆಂಡ್ ಬಂದ ಮಾತ್ರಕ್ಕೆ ಯಂತ್ರ ಹೊರದೇಶದಲ್ಲಿದೆ ಎಂದು ಸಾಬೀತಾಗುವುದಿಲ್ಲ, ಸುತ್ತುದಾರಿಯೂ ಅದಕ್ಕೆ ಕಾರಣವಿರಬಹುದು. ಆಗ `traceroute`, ವಿಂಡೋಸ್‌ನಲ್ಲಿ `tracert`, ಓಡಿಸಿ ನಡುವಿನ ರೂಟರ್‌ಗಳ ಹೆಸರಿನಲ್ಲಿ ಊರಿನ ಸುಳಿವಿದೆಯೇ ನೋಡಬೇಕು. ಕೆಲವು ಸರ್ವರ್‌ಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಅಂತಹ ಕಡೆ ವಿಪಿಎನ್ ಆನ್ ಮಾಡಿ, ಸುರಂಗದ, ಅಂದರೆ ವಿಪಿಎನ್ ಸರ್ವರ್ ತನಕದ ಗೂಢಲಿಪಿ ದಾರಿಯ, ಆಚೆ ತುದಿಯ ಗೇಟ್‌ವೇ ವಿಳಾಸಕ್ಕೆ ಪಿಂಗ್ ಮಾಡಬಹುದು.

ನಮ್ಮ ಕಂಪನಿಯ ವಿಪಿಎನ್ ಅಮೆರಿಕದಲ್ಲಿದೆ. ಮನೆಯಿಂದ ಕೆಲಸ ಮಾಡುವಾಗ ಯೂಟ್ಯೂಬ್ ಕೂಡ ನಿಧಾನ. ಇದಕ್ಕೆ ಪರಿಹಾರವಿದೆಯೇ?

ನಿಮ್ಮ ಎಲ್ಲ ಸಂಚಾರವೂ ಅಮೆರಿಕದ ಮೂಲಕ ಹೋಗುತ್ತಿದೆ. ನ್ಯೂಯಾರ್ಕ್ ಬಳಿಯ ಗೇಟ್‌ವೇ ಆದರೆ ಹೋಗಿಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಇದಕ್ಕಿಂತ ಗಮನಕ್ಕೆ ಬಾರದ ನಷ್ಟ ಇನ್ನೊಂದಿದೆ: ದೊಡ್ಡ ವೀಡಿಯೊ ಸೇವೆಗಳು ತಮ್ಮ ಪ್ರತಿಗಳನ್ನು ನಿಮ್ಮ ಇಂಟರ್‌ನೆಟ್ ಕಂಪನಿಯ ಜಾಲದ ಒಳಗೇ ಅಥವಾ ಹತ್ತಿರದ ಊರಿನಲ್ಲಿ ಇಟ್ಟಿರುತ್ತವೆ. ನೀವು ಅಮೆರಿಕದ ವಿಳಾಸದಿಂದ ಕೇಳಿದಾಗ ಅವು ಅಮೆರಿಕದ ಪ್ರತಿಯನ್ನೇ ಕೊಡುತ್ತವೆ.

ಕಂಪನಿಯ ಒಳಜಾಲದ ವಿಳಾಸಗಳನ್ನು ಮಾತ್ರ ಸುರಂಗಕ್ಕೆ ಕಳುಹಿಸಿ ಉಳಿದದ್ದನ್ನು ನೇರ ಬಿಡುವುದಕ್ಕೆ ಸ್ಪ್ಲಿಟ್ ಟನಲಿಂಗ್ ಎನ್ನುತ್ತಾರೆ. ವೈರ್‌ಗಾರ್ಡ್‌ನಲ್ಲಿ ಅದು ಒಂದೇ ಸಾಲಿನ ವ್ಯತ್ಯಾಸ:

```
AllowedIPs = 10.0.0.0/8
```

ಇಲ್ಲಿ `0.0.0.0/0` ಇದ್ದರೆ ಐಪಿವಿ4 ಸಂಚಾರವೆಲ್ಲವೂ ಸುರಂಗಕ್ಕೆ ಹೋಗುತ್ತದೆ. ಆದರೆ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇದನ್ನು ನೀವಾಗಿಯೇ ಬದಲಾಯಿಸಬಾರದು. ಹಲವು ಕಡೆ ಭದ್ರತಾ ತಂಡ ಉದ್ದೇಶಪೂರ್ವಕವಾಗಿಯೇ ಎಲ್ಲವನ್ನೂ ತನ್ನ ಮೂಲಕ ಹಾಯಿಸುತ್ತದೆ. ಅವರನ್ನು ಕೇಳುವಾಗ ಭಾರತದಲ್ಲಿ ಅಥವಾ ಸಿಂಗಪುರದಲ್ಲಿ ಗೇಟ್‌ವೇ ಇದೆಯೇ ಎಂದೂ ಕೇಳಿ. ಎಷ್ಟೋ ಕಂಪನಿಗಳಲ್ಲಿ ಅದು ಇದ್ದೂ ಮೊದಲ ಆಯ್ಕೆಯಾಗಿರುವುದಿಲ್ಲ.

ನನಗೆ ವಿಪಿಎನ್ ಹಾಕಿದಾಗಲೇ ವೇಗ ಹೆಚ್ಚುತ್ತದೆ. ಇದು ಭ್ರಮೆಯೇ?

ಭ್ರಮೆಯಾಗಿರಬೇಕಿಲ್ಲ. ನಿಮ್ಮ ಇಂಟರ್‌ನೆಟ್ ಕಂಪನಿಯಿಂದ ಆ ಸೈಟಿಗೆ ಹೋಗುವ ದಾರಿ ದಟ್ಟಣೆಯಿಂದ ಕೂಡಿದ್ದು, ವಿಪಿಎನ್ ಸರ್ವರ್‌ನಿಂದ ಅದೇ ಸೈಟಿಗೆ ಒಳ್ಳೆಯ ದಾರಿ ಇದ್ದರೆ ಹೀಗಾಗುತ್ತದೆ. ನಿರ್ದಿಷ್ಟ ಬಗೆಯ ಸಂಚಾರದ ವೇಗವನ್ನು ಕಂಪನಿ ಇಳಿಸುತ್ತಿದ್ದರೂ ಹೀಗೆಯೇ ಕಾಣುತ್ತದೆ.

## ಪ್ರೊಟೋಕಾಲ್ ಪ್ರಶ್ನೆಗಳು

ವೈರ್‌ಗಾರ್ಡ್, ಓಪನ್‌ವಿಪಿಎನ್, ಐಕೆಇವಿ2 ಎಂದು ಮೂರು ಆಯ್ಕೆ ಕಾಣುತ್ತವೆ. ವೇಗಕ್ಕೆ ಯಾವುದು?

ವೈರ್‌ಗಾರ್ಡ್ ಅಥವಾ ಐಕೆಇವಿ2 ಆರಿಸಿ, ಎರಡರ ನಡುವಿನ ವ್ಯತ್ಯಾಸ ಮನೆಯ ಬಳಕೆಯಲ್ಲಿ ಬಹುಪಾಲು ಗೊತ್ತಾಗುವುದಿಲ್ಲ. ಓಪನ್‌ವಿಪಿಎನ್ ಹಿಂದೆ ಬೀಳುವುದಕ್ಕೆ ಅದರ ಗೂಢಲಿಪಿ ಕಾರಣವಲ್ಲ, ಅದು ಕೆಲಸ ಮಾಡುವ ಜಾಗ ಕಾರಣ.

2001ರಲ್ಲಿ ಹೊರಬಂದ ಓಪನ್‌ವಿಪಿಎನ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನ ಹೊರಗೆ, ಸಾಮಾನ್ಯ ಪ್ರೋಗ್ರಾಮಿನಂತೆ ಓಡುತ್ತದೆ. ಪ್ರತಿ ಪ್ಯಾಕೆಟ್ ಕರ್ನೆಲ್‌ನಿಂದ ಹೊರಬಂದು ಓಪನ್‌ವಿಪಿಎನ್ ಕೈಗೆ ಸಿಕ್ಕಿ, ಗೂಢಲಿಪಿಯಾಗಿ, ಮತ್ತೆ ಕರ್ನೆಲ್ ಒಳಗೆ ಹೋಗಿ ಜಾಲಕ್ಕೆ ಇಳಿಯುತ್ತದೆ. ಈ ಓಡಾಟ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ, ಅದೂ ಪ್ರೊಸೆಸರ್‌ನ ಒಂದೇ ಕೋರ್ ಮೇಲೆ. ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6 ಆವೃತ್ತಿಯಿಂದ ಕರ್ನೆಲ್‌ನ ಭಾಗವೇ ಆಗಿದೆ, ಹಾಗೂ ಗೂಢಲಿಪಿಯ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುತ್ತದೆ. ಐಕೆಇವಿ2 ಜೊತೆ ಬಳಸುವ ಐಪಿಸೆಕ್‌ನ ದತ್ತಾಂಶ ಭಾಗವೂ ಸಾಮಾನ್ಯವಾಗಿ ಕರ್ನೆಲ್ ಒಳಗೇ ಇರುತ್ತದೆ. ಓಪನ್‌ವಿಪಿಎನ್ ಕೂಡ 2023ರಲ್ಲಿ ಬಂದ 2.6 ಆವೃತ್ತಿಯಲ್ಲಿ ದತ್ತಾಂಶದ ಕೆಲಸವನ್ನು ಕರ್ನೆಲ್‌ಗೆ ಒಪ್ಪಿಸುವ ಸೌಲಭ್ಯ ಪಡೆದಿದೆ. ಅದು ಎರಡೂ ತುದಿಯಲ್ಲಿ ಇದ್ದರೆ ಅಂತರ ಬಹಳ ಕಡಿಮೆಯಾಗುತ್ತದೆ.

ಈ ವ್ಯತ್ಯಾಸ ಎದ್ದು ಕಾಣುವುದು ಲ್ಯಾಪ್‌ಟಾಪಿನಲ್ಲಿ ಅಲ್ಲ, ಮನೆಯ ವೈಫೈ ರೂಟರ್‌ನಲ್ಲಿ. ಅಗ್ಗದ ರೂಟರ್‌ನ ಪ್ರೊಸೆಸರ್ ದುರ್ಬಲವಾಗಿರುತ್ತದೆ, ಎಇಎಸ್ ಗೂಢಲಿಪಿಗೆ ಬೇಕಾದ ವಿಶೇಷ ಸೂಚನೆಗಳೂ ಅದರಲ್ಲಿ ಇರುವುದಿಲ್ಲ. ಅಂತಹ ಯಂತ್ರಗಳಲ್ಲಿ ವೈರ್‌ಗಾರ್ಡ್ ಬಳಸುವ ಚಾಚಾ20 ವಿಧಾನಕ್ಕೆ ಅನುಕೂಲ ಹೆಚ್ಚು. ಪತ್ತೆ ಹಚ್ಚಲು, ಡೌನ್‌ಲೋಡ್ ನಡೆಯುತ್ತಿರುವಾಗ ರೂಟರ್‌ನಲ್ಲಿ `top` ಓಡಿಸಿ. `openvpn` ಒಂದು ಕೋರನ್ನು ಪೂರ್ತಿ ಹಿಡಿದಿದ್ದರೆ ಮಿತಿ ಅಲ್ಲಿಯೇ ಇದೆ. ಪ್ರೊಸೆಸರ್ ಬಿಡುವಾಗಿದ್ದೂ ವೇಗ ಬರದಿದ್ದರೆ ಪ್ರೊಟೋಕಾಲ್ ಬದಲಾಯಿಸಿ ಸಿಗುವುದು ಅಲ್ಪ, ದೂರವನ್ನು ನೋಡಬೇಕು.

ಯುಡಿಪಿ, ಟಿಸಿಪಿ ಎಂಬ ಆಯ್ಕೆ ಇದೆ. ಟಿಸಿಪಿಯಲ್ಲಿ ಪ್ಯಾಕೆಟ್ ಕಳೆದುಹೋಗುವುದಿಲ್ಲ ಎನ್ನುತ್ತಾರೆ, ಹಾಗಾದರೆ ಅದೇ ಒಳ್ಳೆಯದಲ್ಲವೇ?

ಕೇಳಲು ಸರಿಯೆನಿಸಿದರೂ ವೇಗದ ದೃಷ್ಟಿಯಿಂದ ಇದು ಅತ್ಯಂತ ದುಬಾರಿಯಾದ ಆಯ್ಕೆ. ನಿಮ್ಮ ಬ್ರೌಸರ್ ಬಳಸುವ ಟಿಸಿಪಿ ಸಂಪರ್ಕವು ಕಳೆದುಹೋದ ಪ್ಯಾಕೆಟ್ಟನ್ನು ತಾನೇ ಮತ್ತೆ ಕಳುಹಿಸಬಲ್ಲದು. ಅದನ್ನು ಇನ್ನೊಂದು ಟಿಸಿಪಿ ಸುರಂಗದಲ್ಲಿ ಹಾಯಿಸಿದಾಗ ಒಂದೇ ಕೆಲಸಕ್ಕೆ ಇಬ್ಬರು ಕಾವಲುಗಾರರು ನಿಂತಂತಾಗುತ್ತದೆ. ಹೊರಗಿನ ಒಂದು ಪ್ಯಾಕೆಟ್ ಕಳೆದರೆ, ಅದು ಮರಳಿ ಬರುವ ತನಕ ಅದರ ಹಿಂದಿನ ಪ್ಯಾಕೆಟ್‌ಗಳೆಲ್ಲ, ಬೇರೆ ಸೈಟಿನವು ಕೂಡ, ಸಾಲಿನಲ್ಲಿ ಕಾಯಬೇಕು. ಅಷ್ಟರಲ್ಲಿ ಒಳಗಿನ ಟಿಸಿಪಿಗೆ ಸ್ವೀಕೃತಿ ಬಾರದೆ ಅದರ ಗಡುವು ಮುಗಿದು, ಅದೂ ಅದೇ ಮಾಹಿತಿಯನ್ನು ಮತ್ತೆ ಕಳುಹಿಸತೊಡಗುತ್ತದೆ. ಮೊದಲೇ ನಿಂತಿರುವ ಸಾಲಿಗೆ ನಕಲು ಪ್ಯಾಕೆಟ್‌ಗಳು ಸೇರಿ ಸಾಲು ಇನ್ನೂ ಉದ್ದವಾಗುತ್ತದೆ.

ದೂರ ಹೆಚ್ಚಿದಷ್ಟೂ ಈ ಕಾಯುವಿಕೆ ಹೆಚ್ಚುವುದರಿಂದ, ದೂರದ ಸರ್ವರ್ ಮತ್ತು ಟಿಸಿಪಿ ಒಟ್ಟಿಗೆ ಸೇರಿದರೆ ನಷ್ಟ ಅತಿ ಹೆಚ್ಚು. ಇದರ ಲಕ್ಷಣ ಸುಲಭವಾಗಿ ಗುರುತು ಸಿಗುತ್ತದೆ: ಡೌನ್‌ಲೋಡ್ ಒಂದೇ ಸಮ ನಿಧಾನವಾಗುವುದಿಲ್ಲ, ಓಡಿ, ಪೂರ್ತಿ ನಿಂತು, ಮತ್ತೆ ಓಡುತ್ತದೆ. ಮೊಬೈಲ್ ಡೇಟಾದಲ್ಲಿ ಇದು ಇನ್ನೂ ಸ್ಪಷ್ಟ. ಹೋಟೆಲ್ ಅಥವಾ ಕಾಲೇಜಿನ ಜಾಲ ಯುಡಿಪಿಯನ್ನು ತಡೆದಿದ್ದರೆ ಮಾತ್ರ ಟಿಸಿಪಿಯ 443ನೇ ಪೋರ್ಟ್ ಬಳಸಿ. ಆ್ಯಪ್ ‘ಆಟೋಮ್ಯಾಟಿಕ್’ ಎಂದಿದ್ದಾಗ ಸದ್ದಿಲ್ಲದೆ ಟಿಸಿಪಿಗೆ ಇಳಿದು ಅಲ್ಲಿಯೇ ಉಳಿದಿರುವುದುಂಟು, ಅದನ್ನು ಒಮ್ಮೆ ನೋಡಿಕೊಳ್ಳಿ.

## ಆಳದ ಪ್ರಶ್ನೆಗಳು

ವೈರ್‌ಗಾರ್ಡ್ ಇದೆ, ಪ್ರೊಸೆಸರ್ ಬಿಡುವಾಗಿದೆ, ಆದರೂ ಜರ್ಮನಿಯ ಸರ್ವರ್‌ನಿಂದ ಒಂದು ಫೈಲ್ 8–10 ಎಂಬಿಪಿಎಸ್ ದಾಟುವುದಿಲ್ಲ. ಸಿಂಗಪುರದಿಂದ ನಾಲ್ಕು ಪಟ್ಟು ಬರುತ್ತದೆ. ದೂರ ವೇಗವನ್ನೇ ಕಡಿಮೆ ಮಾಡುತ್ತದೆಯೇ?

ಮಾಡುತ್ತದೆ. ಟಿಸಿಪಿ ಸ್ವಲ್ಪ ಮಾಹಿತಿ ಕಳುಹಿಸಿ, ಸ್ವೀಕೃತಿ ಬಂದ ಮೇಲೆ ಮುಂದಿನದನ್ನು ಕಳುಹಿಸುತ್ತದೆ. 100 ಎಂಬಿಪಿಎಸ್ ತುಂಬಿಸಲು 40 ಮಿಲಿಸೆಕೆಂಡ್ ದಾರಿಯಲ್ಲಿ ಸುಮಾರು 500 ಕಿಲೋಬೈಟ್, 160 ಮಿಲಿಸೆಕೆಂಡ್ ದಾರಿಯಲ್ಲಿ ಸುಮಾರು 2 ಮೆಗಾಬೈಟ್ ಮಾಹಿತಿ ಸದಾ ದಾರಿಯಲ್ಲಿರಬೇಕು. ಒಂದು ಪ್ಯಾಕೆಟ್ ಕಳೆದರೆ ಟಿಸಿಪಿ ಈ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿ, ಮತ್ತೆ ಸುತ್ತಿನಿಂದ ಸುತ್ತಿಗೆ ಮೆಲ್ಲಗೆ ಏರಿಸುತ್ತದೆ. ಸುತ್ತು ಉದ್ದವಾದಷ್ಟೂ ಚೇತರಿಕೆ ನಿಧಾನ.

ಹಳೆಯ ರೆನೋ ಮಾದರಿಯ ಟಿಸಿಪಿಗೆ ಇದನ್ನು ಅಂದಾಜು ಮಾಡುವ ಸೂತ್ರವಿದೆ:

```
ವೇಗ ≈ 1.22 × MSS / (RTT × √p)
```

`MSS` ಎಂದರೆ ಪ್ಯಾಕೆಟ್ಟಿನಲ್ಲಿನ ನಿಜವಾದ ಮಾಹಿತಿ, ವೈರ್‌ಗಾರ್ಡ್‌ನಲ್ಲಿ 1380 ಬೈಟ್. `RTT` ಹೋಗಿಬರುವ ಸಮಯ, `p` ಕಳೆದುಹೋಗುವ ಪ್ಯಾಕೆಟ್‌ಗಳ ಪ್ರಮಾಣ. ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆಯುತ್ತದೆ ಎಂದಿಟ್ಟುಕೊಂಡರೆ, 40 ಮಿಲಿಸೆಕೆಂಡ್ ದೂರದ ಸಿಂಗಪುರಕ್ಕೆ ಸುಮಾರು 34 ಎಂಬಿಪಿಎಸ್, 160 ಮಿಲಿಸೆಕೆಂಡ್ ದೂರದ ಜರ್ಮನಿಗೆ ಸುಮಾರು 8.4 ಎಂಬಿಪಿಎಸ್ ಬರುತ್ತದೆ. ನೀವು ಕಂಡದ್ದು ಇದೇ ಅನುಪಾತ. ಇಂದು ಹೆಚ್ಚಿನ ಸರ್ವರ್‌ಗಳು ಬಳಸುವ ಕ್ಯೂಬಿಕ್, ಗೂಗಲ್ ರೂಪಿಸಿದ ಬಿಬಿಆರ್ ಎಂಬ ಟಿಸಿಪಿ ವಿಧಾನಗಳು ದೂರದ ದಾರಿಯಲ್ಲಿ ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತವೆ, ಆದ್ದರಿಂದ ಸೂತ್ರವನ್ನು ಒಂದು ದಿಕ್ಸೂಚಿಯಾಗಿ ಮಾತ್ರ ಬಳಸಿ.

ಖಚಿತಪಡಿಸಿಕೊಳ್ಳಲು ಆಚೆ ತುದಿಯಲ್ಲಿ ನಿಮ್ಮದೇ ಯಂತ್ರವಿದ್ದರೆ ಅದರಲ್ಲಿ `iperf3 -s` ಓಡಿಸಿಟ್ಟು, SERVER_IP ಜಾಗದಲ್ಲಿ ಅದರ ಸುರಂಗದೊಳಗಿನ ವಿಳಾಸ ಹಾಕಿ ಎರಡು ಪರೀಕ್ಷೆ ಮಾಡಿ:

```
iperf3 -c SERVER_IP -R
iperf3 -c SERVER_IP -R -P 8
```

ಮೊದಲನೆಯದು ಒಂದೇ ಸಂಪರ್ಕ, ಎರಡನೆಯದು ಎಂಟು. ಎಂಟರಲ್ಲಿ ಮೊತ್ತ ಹಲವು ಪಟ್ಟು ಏರಿದರೆ ಸುರಂಗದಲ್ಲಿ ಸಾಮರ್ಥ್ಯವಿದೆ, ಒಂದೊಂದು ಸಂಪರ್ಕವನ್ನು ದೂರ ಮತ್ತು ನಷ್ಟ ಕಟ್ಟಿಹಾಕಿವೆ. ಎರಡರಲ್ಲೂ ಒಂದೇ ಸಂಖ್ಯೆ ಬಂದರೆ ಪ್ರೊಸೆಸರ್, ಸರ್ವರ್‌ನ ಹೊರೆ ಅಥವಾ ಸೇವೆಯವರು ಹಾಕಿದ ಮಿತಿ ಕಾರಣ.

ಚಿಕ್ಕ ಪುಟಗಳು ತೆರೆಯುತ್ತವೆ, ದೊಡ್ಡವು ಅರ್ಧಕ್ಕೆ ನಿಲ್ಲುತ್ತವೆ. ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಉದ್ದದ ಪಟ್ಟಿ ಬಂದರೆ ಸ್ತಬ್ಧವಾಗುತ್ತದೆ. ಇದೂ ದೂರದಿಂದಲೇ?

ಇದು ದೂರದ್ದಲ್ಲ, ಪ್ಯಾಕೆಟ್ ಗಾತ್ರದ ತೊಂದರೆ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಫೈಬರ್ ಸಂಪರ್ಕಗಳಲ್ಲಿ, ಬಿಎಸ್ಎನ್ಎಲ್ ಫೈಬರ್ ಕೂಡ ಅದೇ ಬಗೆಯದು, 8 ಬೈಟ್ ಆ ವ್ಯವಸ್ಥೆಗೇ ಹೋಗುವುದರಿಂದ ಪ್ಯಾಕೆಟ್ ಸಾಮಾನ್ಯವಾಗಿ 1492 ಬೈಟ್ ಮೀರುವಂತಿಲ್ಲ. ವೈರ್‌ಗಾರ್ಡ್‌ನ 1420ಕ್ಕೆ ಐಪಿವಿ4ನ 60 ಸೇರಿದರೆ 1480, ತೊಂದರೆಯಿಲ್ಲ. ಸುರಂಗ ಐಪಿವಿ6 ಮೂಲಕ ಹೋದರೆ ಹೊರಹೆಡರ್ 80 ಬೈಟ್, ಮೊತ್ತ 1500, ಮಿತಿಗಿಂತ 8 ಬೈಟ್ ಹೆಚ್ಚು. ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಸೂಚನೆಯನ್ನು ನಡುವಿನ ಫೈರ್‌ವಾಲ್ ತಡೆದರೆ ದೊಡ್ಡ ಪ್ಯಾಕೆಟ್‌ಗಳು ಸುಳಿವಿಲ್ಲದೆ ಕಾಣೆಯಾಗುತ್ತವೆ. ವಿಪಿಎನ್ ಇಲ್ಲದಾಗ ಈ ತೊಂದರೆ ಕಾಣದಿರಲು ಕಾರಣವೆಂದರೆ ಹೆಚ್ಚಿನ ರೂಟರ್‌ಗಳು ಹಾದುಹೋಗುವ ಟಿಸಿಪಿ ಸಂಪರ್ಕದ ಗಾತ್ರವನ್ನು ತಾವೇ ತಗ್ಗಿಸುತ್ತವೆ. ಗೂಢಲಿಪಿಯ ಒಳಗಿರುವ ಟಿಸಿಪಿ ಅವಕ್ಕೆ ಕಾಣುವುದಿಲ್ಲ.

ವಿಪಿಎನ್ ಆನ್ ಇರುವಾಗ ಲಿನಕ್ಸ್‌ನಲ್ಲಿ ಹೀಗೆ ಪರೀಕ್ಷಿಸಿ:

```
ping -M do -s 1392 1.1.1.1
ping -M do -s 1380 1.1.1.1
```

ಪಿಂಗ್‌ನ ಹೆಡರ್ 28 ಬೈಟ್ ಸೇರಿ ಇವು 1420 ಮತ್ತು 1408 ಆಗುತ್ತವೆ. ಮೊದಲನೆಯದಕ್ಕೆ ಉತ್ತರ ಬಾರದೆ ಎರಡನೆಯದಕ್ಕೆ ಬಂದರೆ ಕಾರಣ ಸಿಕ್ಕಂತೆ. ಸಂರಚನೆಯ ಫೈಲಿನಲ್ಲಿ `[Interface]` ಅಡಿ, ಒಳಗಿನ ಪ್ಯಾಕೆಟ್ಟಿನ ಗರಿಷ್ಠ ಗಾತ್ರ ಹೇಳುವ ಈ ಸಾಲು ಸೇರಿಸಿ ಸುರಂಗವನ್ನು ಮತ್ತೆ ಆರಂಭಿಸಿ:

```
MTU = 1408
```

ಮೊಬೈಲ್ ಜಾಲದಲ್ಲಿ ಮಿತಿ ಇನ್ನೂ ಕೆಳಗಿರಬಹುದು. ಅಲ್ಲಿ 1280ರಿಂದ ಆರಂಭಿಸಿ ಮೇಲೇರಿಸುತ್ತ ಹೋಗುವುದು ಒಳ್ಳೆಯದು. 1420ರಿಂದ 1280ಕ್ಕೆ ಇಳಿಸಿದರೂ ಹೆಡರ್‌ನ ಹೊರೆ ಹೆಚ್ಚುವುದು ಒಂದು ಶೇಕಡಾದಷ್ಟು ಮಾತ್ರ.